ಕ್ಲೇಮು ತಿರಸ್ಕಾರವಾದ ಮೇಲೆ ಬರೆಯಬೇಕಾದ ಕಾಗದ: ಮನವಿ ಅಲ್ಲ, ವಿವಾದದ ನೋಟಿಸು

ಜಹೀರಾಬಾದ್: ಗಡಿಭಾಗದ ಸಣ್ಣ ಗುತ್ತೇದಾರರಿಗೆ ಇಲಾಖೆಯಿಂದ ಬರುವ ಕಾಗದಗಳಲ್ಲಿ ಅತ್ಯಂತ ಚಿಕ್ಕದು ಯಾವುದು ಎಂದು ಕೇಳಿದರೆ, ಕ್ಲೇಮು ತಿರಸ್ಕಾರದ ಕಾಗದ ಎನ್ನಬಹುದು. ಎರಡು ಸಾಲು, ಕೆಳಗೆ ಕಾರ್ಯಪಾಲಕ ಇಂಜಿನಿಯರರ ಸಹಿ. ‘ಉಲ್ಲೇಖಿತ ಪತ್ರದಲ್ಲಿನ ಬೇಡಿಕೆ ಕರಾರಿನ ಪ್ರಕಾರ ಒಪ್ಪತಕ್ಕದ್ದಲ್ಲ’ ಎಂಬಷ್ಟೇ ಅರ್ಥ. ಅದು ತೆಲುಗಿನಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಕೈಸೇರಿದ ದಿನವೇ ಗುತ್ತೇದಾರನ ಮುಂದೆ ಎರಡು ದಾರಿ ತೆರೆದುಕೊಳ್ಳುತ್ತವೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯಲ್ಲೂ, ಆಚೆಗಿನ ಬೀದರ್, ಔರಾದ, ಸೇಡಂ ಕಡೆಯಲ್ಲೂ ಹೆಚ್ಚಿನವರು ಹಿಡಿಯುವುದು ತಪ್ಪು ದಾರಿಯನ್ನೇ.

ಆ ತಪ್ಪು ದಾರಿ ಎಂದರೆ ಮನವಿ. ‘ದಯವಿಟ್ಟು ಮರುಪರಿಶೀಲಿಸಿ’ ಎಂದು ಮತ್ತೊಂದು ಅರ್ಜಿ, ಆರು ತಿಂಗಳ ಮೇಲೆ ಇನ್ನೊಂದು ಅರ್ಜಿ, ನಡುವೆ ಕಚೇರಿಗೆ ಹತ್ತಾರು ಅಲೆದಾಟ. ಇಲಾಖೆ ಇದಕ್ಕೆ ಉತ್ತರ ಕೊಡಲೇಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಕರಾರಿನಲ್ಲಿ ಇರುವುದಿಲ್ಲ. ಇನ್ನೊಂದು ದಾರಿ ವಿವಾದದ ನೋಟಿಸು: ‘ನಿಮ್ಮ ನಿರ್ಧಾರ ಒಪ್ಪುವುದಿಲ್ಲ, ಒಪ್ಪದಿರಲು ಕಾರಣಗಳು ಇವು, ಕರಾರಿನ ಇಂಥ ಕಲಂ ಪ್ರಕಾರ ಈ ವಿವಾದವನ್ನು ಇಂಥವರ ಮುಂದೆ ಇಡುತ್ತಿದ್ದೇವೆ’ ಎಂದು ಹೇಳುವ ಕಾಗದ. ಮೊದಲನೆಯದು ಕೃಪೆ ಕೇಳುತ್ತದೆ. ಎರಡನೆಯದು ಕರಾರಿನ ಯಂತ್ರವನ್ನು ಚಾಲೂ ಮಾಡುತ್ತದೆ. ಬಡ್ಡಿಗೆ ತಂದ ಹಣ ಹಾಕಿ ಕೆಲಸ ಮುಗಿಸಿದವನ ಮಟ್ಟಿಗೆ ಈ ಎರಡರ ನಡುವಿನ ಅಂತರ ಕೆಲವು ಲಕ್ಷ ರೂಪಾಯಿಗಳದ್ದು.

ಎಂಪ್ಲಾಯರ್ ಅಂದರೆ ಯಾರು?

ಮೊದಲಿಗೆ ಒಂದು ಶಬ್ದದ ಗೊಂದಲ ಬಿಡಿಸಬೇಕು. ಕಾಮಗಾರಿ ಕರಾರುಗಳಲ್ಲಿ ‘ಎಂಪ್ಲಾಯರ್’ ಎಂದಿರುತ್ತದೆ. ಇದು ಸಂಬಳ ಕೊಡುವ ಧಣಿಯಲ್ಲ, ಕೆಲಸ ಕೊಟ್ಟ ಪಕ್ಷ. ಸರ್ಕಾರಿ ರಸ್ತೆಯಾದರೆ ಇಲಾಖೆ ಅಥವಾ ಅದರ ಪರವಾಗಿ ಕರಾರಿಗೆ ಸಹಿ ಹಾಕಿದ ಅಧಿಕಾರಿ. ‘ಇಂಜಿನಿಯರ್’ ಎಂಬುದು ಬೇರೆಯೇ ಪಾತ್ರ. ಕೆಲಸದ ಮೇಲ್ವಿಚಾರಣೆ ಮಾಡಿ, ಅಳತೆ ಮಂಜೂರು ಮಾಡಿ, ಬಿಲ್ಲು ಪಾಸು ಮಾಡುವವರು ಅವರು. ಕ್ಲೇಮನ್ನು ತಿರಸ್ಕರಿಸುವುದು ಸಾಮಾನ್ಯವಾಗಿ ಈ ಇಂಜಿನಿಯರ್. ವಿವಾದ ಇರುವುದು ಎಂಪ್ಲಾಯರ್ ಜೊತೆ. ತಿರಸ್ಕರಿಸಿದವರಿಗೇ ಮತ್ತೆ ಮತ್ತೆ ಬರೆಯುತ್ತ ಕೂತರೆ ವಿವಾದ ಹುಟ್ಟಿದ್ದು ಎಂಪ್ಲಾಯರ್ ದಫ್ತರದಲ್ಲಿ ದಾಖಲಾಗುವುದೇ ಇಲ್ಲ.

ತುಂಡು ಗುತ್ತಿಗೆ ಹಿಡಿದವರ ಸಂಗತಿ ಇನ್ನೂ ಬೇರೆ. ಜಹೀರಾಬಾದ್ ಮೇಲೆ ಹಾಯುವ 65ನೇ ರಾಷ್ಟ್ರೀಯ ಹೆದ್ದಾರಿಯಂಥ ರಸ್ತೆಯಲ್ಲಿ ದೊಡ್ಡ ಕಂಪನಿಯ ಕೈಕೆಳಗೆ ಮುರಮು ಹಾಕಿದವನಿಗೆ ಹೆದ್ದಾರಿ ಪ್ರಾಧಿಕಾರ ಎಂಪ್ಲಾಯರ್ ಅಲ್ಲ, ಆ ಕಂಪನಿಯೇ ಎಂಪ್ಲಾಯರ್. ಅವನ ಕೈಯಲ್ಲಿರುವ ವರ್ಕ್ ಆರ್ಡರೇ ಅವನ ಕರಾರು. ಅವನು ಪ್ರಾಧಿಕಾರಕ್ಕೆ ಬರೆದ ಕಾಗದ ದೂರು ಆಗಬಹುದು, ವಿವಾದದ ನೋಟಿಸು ಆಗುವುದಿಲ್ಲ.

ಒಂದು ಲೆಕ್ಕ ಹಿಡಿದು ನೋಡೋಣ

ಮಾತು ಸ್ಪಷ್ಟವಾಗಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ನಾರಾಯಣಖೇಡ ಭಾಗದ ಎರೆ ನೆಲದಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಒಂದು ರಸ್ತೆ. ಕರಾರಿನ ಮೂಲ ಮೊತ್ತ 1 ಕೋಟಿ 80 ಲಕ್ಷ ರೂಪಾಯಿ. ಕೆಲಸ 2024ರ ಜೂನ್ 30ರಂದು ಮುಗಿಯಿತು. ಗುತ್ತೇದಾರನ ಕ್ಲೇಮು ಎರಡು.

ಒಂದು, ಹೆಚ್ಚುವರಿ ಅಗೆತ. 600 ಮೀಟರ್ ಉದ್ದದಲ್ಲಿ ಎರೆ ಮಣ್ಣು ತುಂಬ ಮೆತ್ತಗಿದೆ ಎಂದು, ನಕ್ಷೆಯಲ್ಲಿ ತೋರಿಸಿದ ಆಳಕ್ಕಿಂತ ಇನ್ನೂ 30 ಸೆಂಟಿಮೀಟರ್ ತೆಗೆದು ಮುರಮು ತುಂಬಲು ಸ್ಥಳದಲ್ಲೇ ಸೂಚನೆ ಬಂತು. ಅಗಲ 6 ಮೀಟರ್. ಅಲ್ಲಿಗೆ 600, 6 ಮತ್ತು 0.30 ಗುಣಿಸಿದರೆ 1,080 ಘನ ಮೀಟರ್. ತೆಗೆದು ತುಂಬುವ ದರ ಘನ ಮೀಟರಿಗೆ 320 ರೂಪಾಯಿ ಎಂದು ಹಿಡಿದರೆ 3,45,600 ರೂಪಾಯಿ.

ಎರಡು, ದಂಡ. ಕೆಲಸ ತಡವಾಯಿತೆಂದು ಬಿಲ್ಲಿನಲ್ಲಿ 2 ಲಕ್ಷ ರೂಪಾಯಿ ಮುರಿದುಕೊಂಡಿದ್ದಾರೆ. ಗುತ್ತೇದಾರ ಹೇಳುವುದು: 300 ಮೀಟರ್ ಜಾಗವನ್ನು ಹೊಲದವರ ತಕರಾರಿನಿಂದ 2024ರ ಜನವರಿ 5ರಿಂದ ಮೇ 20ರವರೆಗೆ ಇಲಾಖೆ ಬಿಡಿಸಿಕೊಡಲಿಲ್ಲ.

ಒಟ್ಟು ಕ್ಲೇಮು 5,45,600 ರೂಪಾಯಿ. 2025ರ ಫೆಬ್ರವರಿ 10ರಂದು ಕಾರ್ಯಪಾಲಕ ಇಂಜಿನಿಯರರಿಂದ ತಿರಸ್ಕಾರ ಬಂತು, ಮೂರು ಕಾರಣ ಕೊಟ್ಟು. ಹೆಚ್ಚುವರಿ ಕೆಲಸಕ್ಕೆ ಲಿಖಿತ ಆದೇಶ ಇಲ್ಲ. ಎರೆ ನೆಲ ಎಂಬುದು ಟೆಂಡರ್ ಹಾಕುವಾಗಲೇ ಗೊತ್ತಿದ್ದ ಸಂಗತಿ, ದರದಲ್ಲೇ ಅದು ಸೇರಿದೆ. ತಡಕ್ಕೆ ಗುತ್ತೇದಾರನೇ ಹೊಣೆ.

ಕಾರಣಕ್ಕೆ ಕಾರಣವೇ ಉತ್ತರ

ನೋಟಿಸಿನಲ್ಲಿ ‘ಆಧಾರಗಳು’ ಎಂಬ ಭಾಗ ಇರಬೇಕು ಎನ್ನುತ್ತಾರಲ್ಲ, ಅದರ ಅರ್ಥ ಹಳೆಯ ಕ್ಲೇಮನ್ನೇ ಮತ್ತೆ ನಕಲು ಮಾಡುವುದಲ್ಲ. ತಿರಸ್ಕಾರದ ಪ್ರತಿಯೊಂದು ಕಾರಣವನ್ನು ಹೆಸರಿಸಿ ಉತ್ತರಿಸುವುದು. ಮುಂದೆ ಕಡತ ಓದುವ ಅಧಿಕಾರಿಯಾಗಲಿ ನ್ಯಾಯಾಧೀಶರಾಗಲಿ ಮೊದಲು ನೋಡುವುದು ಎರಡು ಪತ್ರಗಳನ್ನು ಅಕ್ಕಪಕ್ಕ ಇಟ್ಟು.

ಮೊದಲ ಕಾರಣ, ಲಿಖಿತ ಆದೇಶ ಇಲ್ಲ ಎಂಬುದು. ಆದೇಶ ಎಂದರೆ ಲೆಟರ್‌ಹೆಡ್ ಮೇಲೆ ಬಂದ ಪತ್ರವೇ ಆಗಬೇಕೆಂದಿಲ್ಲ. ಸ್ಥಳದಲ್ಲಿ ಇಡುವ ಆದೇಶ ಪುಸ್ತಕದಲ್ಲಿ ಸಹಾಯಕ ಇಂಜಿನಿಯರ್ ‘ಇನ್ನೂ 30 ಸೆಂ.ಮೀ. ತೆಗೆಯಿರಿ’ ಎಂದು ಬರೆದು, ಡಿ.ಇ.ಇ. ಸಹಿ ಹಾಕಿದ್ದರೆ ಅದು ಲಿಖಿತವೇ. ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ, ಆ ಆಳದ ಅಳತೆ ಏರಿದ್ದರೆ ಇನ್ನೂ ಗಟ್ಟಿ. ನೋಟಿಸಿನಲ್ಲಿ ಪುಸ್ತಕದ ಸಂಖ್ಯೆ, ಪುಟ, ತಾರೀಕು ಹಾಕಬೇಕು. ಉದಾಹರಣೆಯ ಗುತ್ತೇದಾರನ ಬಳಿ 2024ರ ಏಪ್ರಿಲ್ 12ರ ಬರಹ ಇದೆ ಎಂದುಕೊಳ್ಳೋಣ. ಆಗ ಇಲಾಖೆಯ ಮೊದಲ ಕಾರಣ ನಿಲ್ಲುವುದು ಕಷ್ಟ. ಅದೇ ಬಾಯಿಮಾತಿನ ಸೂಚನೆ ಮಾತ್ರ ಇದ್ದು, ಮುರಮು ಹಾಕಿ ಮುಚ್ಚಿದ ಮೇಲೆ ಅಳತೆಯೂ ಇಲ್ಲವಾದರೆ ಎಷ್ಟು ಚೆಂದ ನೋಟಿಸು ಬರೆದರೂ ಪ್ರಯೋಜನ ಕಡಿಮೆ. ಮಣ್ಣಿನಡಿ ಹೋದ ಕೆಲಸಕ್ಕೆ ಸಾಕ್ಷಿ ಕಾಗದವೇ. ಕೃಪೆಯಿಂದ ಮಾಡಿದ ಕೆಲಸ ಅಲ್ಲದಿದ್ದರೆ, ಅದರ ಲಾಭ ಪಡೆದವರು ಹಣ ಕೊಡಬೇಕೆಂದು 1872ರ ಕರಾರು ಕಾಯಿದೆಯ 70ನೇ ಕಲಂ ಹೇಳುತ್ತದೆ ನಿಜ. ಆದರೆ ಕರಾರಿನಲ್ಲೇ ಹೆಚ್ಚುವರಿ ಕೆಲಸಕ್ಕೆ ದಾರಿ ಬರೆದಿರುವಾಗ ಆ ಕಲಂ ಒಂದನ್ನೇ ನೆಚ್ಚುವುದು ಒಳ್ಳೆಯದಲ್ಲ.

ಎರಡನೇ ಕಾರಣ ಜಾಣತನದ್ದು. ಇಲ್ಲೇ ಬಹಳ ಜನ ಎಡವುತ್ತಾರೆ. ‘ನೆಲ ಎರೆ ಇತ್ತು, ನಮಗೆ ನಷ್ಟವಾಯಿತು’ ಎಂದು ಬರೆದರೆ ಇಲಾಖೆಯ ಮಾತೇ ಗೆಲ್ಲುತ್ತದೆ. ನಾರಾಯಣಖೇಡದಲ್ಲಿ ಎರೆ ಮಣ್ಣು ಸಿಗುತ್ತದೆಂದು ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಕ್ಲೇಮು ಇರುವುದು ಮಣ್ಣಿನ ಜಾತಿಯ ಬಗ್ಗೆ ಅಲ್ಲ, ಆಳದ ಬಗ್ಗೆ. ನಕ್ಷೆಯಲ್ಲಿ ತೋರಿಸಿದ ಆಳ ಇಷ್ಟು, ಮಾಡಿಸಿದ ಆಳ ಇಷ್ಟು, ಐಟಂ ಪಟ್ಟಿಯ ಪ್ರಕಾರ ಹಣ ಕೊಡುವುದು ನಿಜವಾಗಿ ಅಳೆದ ಪ್ರಮಾಣಕ್ಕೆ. ಆದ್ದರಿಂದ ವ್ಯತ್ಯಾಸಕ್ಕೆ ಹಣ ಸಲ್ಲಬೇಕು. ಹೀಗೆ ಬರೆದರೆ ಎರಡನೇ ಕಾರಣ ಕ್ಲೇಮಿಗೆ ತಾಗುವುದೇ ಇಲ್ಲ.

ಮೂರನೇ ಕಾರಣ ತಡದ್ದು. 300 ಮೀಟರ್ ಜಾಗ ಸಿಗಲಿಲ್ಲ ಎನ್ನುವುದಷ್ಟೇ ಸಾಲದು. ಉಳಿದ ಉದ್ದದಲ್ಲಿ ಕೆಲಸ ಮಾಡಬಹುದಿತ್ತಲ್ಲ ಎಂದು ಇಲಾಖೆ ಕೇಳುತ್ತದೆ. ಆ ತುಂಡಿನಲ್ಲೇ ಸಿಡಿ ಇತ್ತು, ಅದು ಕಟ್ಟದೆ ಟಿಪ್ಪರು ಆಚೆ ಹೋಗುವಂತಿರಲಿಲ್ಲ ಎಂದು ತೋರಿಸಬೇಕು. ಜನವರಿ 5ರಿಂದ ಮೇ 20ರವರೆಗೆ ಸುಮಾರು ನಾಲ್ಕೂವರೆ ತಿಂಗಳು. ಆ ಅವಧಿಯಲ್ಲೇ ಜಾಗ ಕೇಳಿ ಬರೆದ ಪತ್ರಗಳು, ಅವಧಿ ವಿಸ್ತರಣೆ ಕೇಳಿದ ಅರ್ಜಿ, ಇವುಗಳ ತಾರೀಕು ನೋಟಿಸಿನಲ್ಲಿ ಬರಬೇಕು.

ಈ ಮೂರನೆಯದಕ್ಕೆ ಕರ್ನಾಟಕದ್ದೇ ಒಂದು ಆಸರೆ ಇದೆ. ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1987ರಲ್ಲಿ ಹೇಳಿದ್ದು ಇದು: ಕರಾರು ಮುರಿದದ್ದು ಒಪ್ಪಿತವಾಗಿದ್ದರೆ ನಷ್ಟದ ಲೆಕ್ಕ ಹಾಕುವ ಅಧಿಕಾರ ಸರ್ಕಾರಕ್ಕೆ ಇರಬಹುದು, ಆದರೆ ಮುರಿದವರು ಯಾರು ಎಂಬುದೇ ತಕರಾರಿನಲ್ಲಿರುವಾಗ ಕರಾರಿನ ಒಂದು ಪಕ್ಷ ತಾನೇ ನ್ಯಾಯಾಧೀಶನಾಗಲು ಬರುವುದಿಲ್ಲ. ಆದ್ದರಿಂದ ‘ತಡಕ್ಕೆ ನಾವು ಹೊಣೆಯಲ್ಲ’ ಎಂಬ ತಕರಾರು ದಾಖಲೆಯಲ್ಲಿ ಇರುವುದು ಮುಖ್ಯ. ಸುಮ್ಮನಿದ್ದರೆ ಒಪ್ಪಿದಂತೆ ಕಾಣುತ್ತದೆ.

ದಾರಿ ಯಾವುದು, ಕರಾರು ಬಿಚ್ಚಿ ನೋಡಿ

ಆಧಾರಗಳ ನಂತರ ದಾರಿ. ನೋಟಿಸಿನ ಜೀವ ಇರುವುದು ಇಲ್ಲಿ. ‘ಆರ್ಬಿಟ್ರೇಟರ್ ನೇಮಿಸಿ’ ಎಂದು ಎಲ್ಲರೂ ಬರೆಯುತ್ತಾರೆ. ಆದರೆ ಎಲ್ಲ ಕರಾರಿನಲ್ಲೂ ಆರ್ಬಿಟ್ರೇಷನ್, ಅಂದರೆ ಪಂಚಾಯ್ತಿ ತೀರ್ಪಿನ ದಾರಿ, ಇರುವುದಿಲ್ಲ.

ಗ್ರಾಮ ಸಡಕ್ ಯೋಜನೆಯ ಮಾದರಿ ಟೆಂಡರ್ ದಾಖಲೆಯನ್ನೇ ನೋಡಿ. ಅದರ 24ನೇ ಕಲಂ ವಿವಾದ ಬಗೆಹರಿಸುವ ಕ್ರಮ ಹೇಳುತ್ತದೆ, 25ನೆಯದು ಆರ್ಬಿಟ್ರೇಷನ್ ಇಲ್ಲ ಎಂದು ನೇರವಾಗಿ ಹೇಳುತ್ತದೆ. ಕ್ರಮ ಹೀಗಿದೆ. ವಿವಾದವನ್ನು ಮೊದಲು ಇಂಜಿನಿಯರಿಗಿಂತ ಮೇಲಿನ ದರ್ಜೆಯ ಸಕ್ಷಮ ಅಧಿಕಾರಿಗೆ ಒಪ್ಪಿಸಬೇಕು. ಅವರು ಯಾರೆಂಬುದು ಕರಾರಿನ ‘ಕಾಂಟ್ರಾಕ್ಟ್ ಡೇಟಾ’ ಪುಟದಲ್ಲಿ ಬರೆದಿರುತ್ತದೆ. ಲಿಖಿತವಾಗಿ ಕೇಳಿದ 45 ದಿನಗಳೊಳಗೆ ಅವರು ನಿರ್ಧಾರ ತಿಳಿಸಬೇಕು. ಅದು ಒಪ್ಪಿಗೆಯಾಗದಿದ್ದರೆ, ಮೊತ್ತ 1 ಲಕ್ಷ ಮೀರಿದ್ದರೆ, ಸ್ಥಾಯಿ ಅಧಿಕಾರ ಸಮಿತಿಗೆ ಮೇಲ್ಮನವಿ. ಸಮಿತಿ 90 ದಿನಗಳಲ್ಲಿ ತೀರ್ಮಾನಿಸದಿದ್ದರೆ ಗುತ್ತೇದಾರ ಕೋರ್ಟಿಗೆ ಹೋಗಬಹುದು. ಸಮಿತಿಯ ತೀರ್ಮಾನ ಕರಾರಿನ ಮೂಲ ಮೊತ್ತದ ಶೇ. 5ರವರೆಗೆ ಇಲಾಖೆಯನ್ನು ಕಟ್ಟಿಹಾಕುತ್ತದೆ.

ನಮ್ಮ ಉದಾಹರಣೆಗೆ ಹಚ್ಚಿದರೆ, 1 ಕೋಟಿ 80 ಲಕ್ಷದ ಶೇ. 5 ಎಂದರೆ 9 ಲಕ್ಷ. ಕ್ಲೇಮು 5,45,600. ಸಮಿತಿ ಗುತ್ತೇದಾರನ ಪರ ಹೇಳಿದರೆ ಇಲಾಖೆ ಕೊಡಲೇಬೇಕಾದ ಮಿತಿಯೊಳಗೇ ಇದೆ. 2025ರ ಫೆಬ್ರವರಿ 24ರಂದು ನೋಟಿಸು ಮುಟ್ಟಿಸಿದರೆ 45 ದಿನ ಮುಗಿಯುವುದು ಏಪ್ರಿಲ್ 10ಕ್ಕೆ. ಏಪ್ರಿಲ್ 25ರಂದು ಸಮಿತಿಗೆ ಹೋದರೆ 90 ದಿನ ಜುಲೈ 24ಕ್ಕೆ. ಐದು ತಿಂಗಳಲ್ಲಿ ಕರಾರಿನೊಳಗಿನ ದಾರಿ ಮುಗಿಯುತ್ತದೆ. ಇದೇ ಗುತ್ತೇದಾರ ಆರ್ಬಿಟ್ರೇಟರ್ ಕೇಳಿ ನೋಟಿಸು ಕೊಟ್ಟಿದ್ದರೆ ಈ ಐದು ತಿಂಗಳಲ್ಲಿ ಏನೂ ಆಗುತ್ತಿರಲಿಲ್ಲ.

ತಾಂಡೂರಿನಲ್ಲಿ ರಾಜ್ಯದ ಹಣದ ಕಾಮಗಾರಿ ಹಿಡಿದವರ ದಾರಿ ಬೇರೆ ಇರಬಹುದು. ಅವಿಭಜಿತ ಆಂಧ್ರಪ್ರದೇಶದ ಕಾಲದಿಂದ ಬಂದ ಟೆಂಡರ್ ಷರತ್ತುಗಳಲ್ಲಿ 10,000 ರೂಪಾಯಿವರೆಗಿನ ತಕರಾರು ಬೇರೊಂದು ವೃತ್ತದ ಅಧೀಕ್ಷಕ ಇಂಜಿನಿಯರ್ ಮುಂದೆ, 50,000ದವರೆಗಿನದು ಮುಖ್ಯ ಇಂಜಿನಿಯರ್ ಮುಂದೆ, ಅದಕ್ಕೂ ಮೇಲಿನದು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿಯೇ ಎಂದಿರುತ್ತದೆ. ಇಂದಿನ ಕೆಲಸಗಳಲ್ಲಿ ಐವತ್ತು ಸಾವಿರ ಯಾವ ಮೂಲೆಗೆ? ಅಂದರೆ ಹೆಚ್ಚುಕಡಿಮೆ ಎಲ್ಲ ವಿವಾದಗಳಿಗೂ ಕೋರ್ಟೇ ದಾರಿ. ಅಂಥ ಕರಾರಿನಲ್ಲಿ ನೋಟಿಸು ಹೇಳಬೇಕಾದ್ದು ಕೂಡ ಅದನ್ನೇ.

ಮೇಲುನೋಟಕ್ಕೆ ಒಂದೇ ಥರ ಕಾಣುವ ಕಲಂಗಳಲ್ಲೂ ವ್ಯತ್ಯಾಸವಿದೆ. ಗುಲ್ಬರ್ಗ ವಿಶ್ವವಿದ್ಯಾಲಯದ ಒಳಾಂಗಣ ಕ್ರೀಡಾಂಗಣದ ಕಾಮಗಾರಿಯ ಕರಾರಿನಲ್ಲಿ ‘ಗುಲ್ಬರ್ಗ ವೃತ್ತದ ಅಧೀಕ್ಷಕ ಇಂಜಿನಿಯರರ ತೀರ್ಮಾನವೇ ಅಂತಿಮ, ಎಲ್ಲರಿಗೂ ಬದ್ಧ’ ಎಂಬ ಅರ್ಥದ ಕಲಂ ಇತ್ತು. ಆರ್ಬಿಟ್ರೇಷನ್ ಎಂಬ ಹೆಸರೇ ಆ ಕಲಂನಲ್ಲಿ ಇರಲಿಲ್ಲ. ಆದರೂ ಅದು ಆರ್ಬಿಟ್ರೇಷನ್ ಒಪ್ಪಂದವೇ ಎಂದು ಸುಪ್ರೀಂ ಕೋರ್ಟು 2003ರಲ್ಲಿ ತೀರ್ಪು ಕೊಟ್ಟಿತು. ಇನ್ನೊಂದು ಕಡೆ, ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ ಕರಾರಿನಲ್ಲಿ ವಿವಾದವನ್ನು ಮೊದಲು ಇಂಜಿನಿಯರ್ ತೀರ್ಮಾನಿಸಬೇಕು, 30 ದಿನಗಳಲ್ಲಿ ತಿಳಿಸಬೇಕು ಎಂದಿತ್ತು. ಗುತ್ತಿಗೆ ಕಂಪನಿ ಅದನ್ನೇ ಆರ್ಬಿಟ್ರೇಷನ್ ಎಂದು ಹಿಡಿದು ಹೈಕೋರ್ಟಿಗೆ ಹೋಗಿ ಆರ್ಬಿಟ್ರೇಟರನ್ನು ನೇಮಿಸಿಕೊಂಡಿತು. 2014ರಲ್ಲಿ ಸುಪ್ರೀಂ ಕೋರ್ಟು ಆ ನೇಮಕವನ್ನು ತೆಗೆದುಹಾಕಿತು. ಕೆಲಸ ನಿಲ್ಲದಂತೆ ನೋಡಿಕೊಳ್ಳುವ ವ್ಯವಸ್ಥೆ ಅದು, ಅದೇ ಕಲಂನಲ್ಲಿ ಕೋರ್ಟು ಕಲಾಪದ ಮಾತೂ ಇದೆ, ಆದ್ದರಿಂದ ಆರ್ಬಿಟ್ರೇಷನ್ ಅಲ್ಲ ಎಂಬುದು ಅದರ ಸಾರ. ಒಬ್ಬರಿಗೆ ಒಪ್ಪಿದ ದಾರಿ ಇನ್ನೊಬ್ಬರಿಗೆ ಸಲ್ಲಲಿಲ್ಲ, ಕಲಂನ ಮಾತು ಬೇರೆ ಇದ್ದುದರಿಂದ. ಪಕ್ಕದ ಗುತ್ತೇದಾರನ ನೋಟಿಸನ್ನು ನಕಲು ಮಾಡುವವರು ಇದನ್ನು ನೆನಪಿಡಬೇಕು.

ಗಡಿಯಾರ ನಿಲ್ಲುವುದಿಲ್ಲ

ಮನವಿ ಬರೆಯುತ್ತ ಕೂರುವುದರ ನಿಜವಾದ ಅಪಾಯ ಕಾಲಮಿತಿಯದು. ಬಿ.ಎಸ್.ಎನ್.ಎಲ್. ಮತ್ತು ನಾರ್ಟೆಲ್ ಕಂಪನಿಯ ಪ್ರಕರಣ ಇದಕ್ಕೆ ಕಣ್ಣು ತೆರೆಸುವಂಥದ್ದು. ಬಿ.ಎಸ್.ಎನ್.ಎಲ್. ದಂಡವೆಂದು ಸುಮಾರು 99 ಕೋಟಿ 70 ಲಕ್ಷ ರೂಪಾಯಿ ಹಿಡಿದಿಟ್ಟುಕೊಂಡಿತ್ತು. ಕಂಪನಿಯ ಕ್ಲೇಮನ್ನು 2014ರ ಆಗಸ್ಟ್ 4ರಂದು ತಿರಸ್ಕರಿಸಿತು. ಕಂಪನಿ ಆರ್ಬಿಟ್ರೇಷನ್ ನೋಟಿಸು ಕೊಟ್ಟದ್ದು 2020ರ ಏಪ್ರಿಲ್ 29ರಂದು. ಕ್ಲೇಮು ಮೂರು ವರ್ಷದ ಕಾಲಮಿತಿ ದಾಟಿ ಸತ್ತೇ ಹೋಗಿದೆ ಎಂದು 2021ರ ಮಾರ್ಚ್ 10ರಂದು ಸುಪ್ರೀಂ ಕೋರ್ಟು ಹೇಳಿತು. ನಡುವೆ ಪತ್ರ ವ್ಯವಹಾರ ಮಾಡಿದ ಮಾತ್ರಕ್ಕೆ ಕಾಲ ಮುಂದೆ ಹೋಗುವುದಿಲ್ಲ ಎಂದೂ ಸ್ಪಷ್ಟಪಡಿಸಿತು. ಅಷ್ಟು ದೊಡ್ಡ ಕಂಪನಿಗೆ ಆದದ್ದು ನಾರಾಯಣಖೇಡದ ಗುತ್ತೇದಾರನಿಗೆ ಆಗದೇ ಇರದು.

ಮೂರು ವರ್ಷ ಎಲ್ಲಿಂದ ಎಣಿಸಬೇಕು? ತಿರಸ್ಕಾರದ ದಿನದಿಂದ ಎಂದು ಹಲವರು ನೆಮ್ಮದಿಯಿಂದಿರುತ್ತಾರೆ. ಆದರೆ ಹಣ ಕೊಡಲು ದಿನ ಗೊತ್ತುಮಾಡದ ಕೆಲಸದ ಬಾಬ್ತಿಗೆ, ಕೆಲಸ ಮುಗಿದ ದಿನದಿಂದಲೇ ಕಾಲ ಎಣಿಸುವ ಅನುಚ್ಛೇದವೂ (18ನೆಯದು) ಕಾಲಮಿತಿ ಕಾಯಿದೆಯಲ್ಲಿದೆ. ಹಾಗಾಗಿ ಅತ್ಯಂತ ಹಿಂದಿನ ದಿನದಿಂದ ಎಣಿಸುವುದೇ ಕ್ಷೇಮ. ನಮ್ಮ ಉದಾಹರಣೆಯಲ್ಲಿ ಕೆಲಸ ಮುಗಿದದ್ದು 2024ರ ಜೂನ್ 30. ತಿರಸ್ಕಾರದಿಂದ ಎಣಿಸಿದರೆ 2028ರ ಫೆಬ್ರವರಿ ಸಿಗಬಹುದು, ಆದರೆ 2027ರ ಜೂನ್ ಮೀರಗೊಡದಿರುವುದು ಜಾಣತನ.

ಇನ್ನೊಂದು ಸಂಗತಿ. ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ಎರಡು ತಿಂಗಳ ನೋಟಿಸು ಕೊಡಬೇಕು. ವಿವಾದದ ನೋಟಿಸು ಕೊಟ್ಟಾಗಿದೆ, ಇನ್ನು ಇದೇಕೆ ಎಂದು ಕೇಳಬಾರದು. ಮೊದಲನೆಯದು ಕರಾರಿನ ನೋಟಿಸು, ಎರಡನೆಯದು ಕಾನೂನಿನ ನೋಟಿಸು. ಎರಡೂ ಬೇರೆ. 3 ಲಕ್ಷ ಮೀರಿದ ಕಾಮಗಾರಿ ವಿವಾದ ವಾಣಿಜ್ಯ ವಿವಾದವೆಂದು ಎಣಿಕೆಯಾದರೆ, ತುರ್ತು ಪರಿಹಾರ ಕೇಳದಿದ್ದಾಗ ದಾವೆಗೆ ಮೊದಲು ಮಧ್ಯಸ್ಥಿಕೆಯೂ ಕಡ್ಡಾಯ. ಈ ಹಂತಕ್ಕೆ ವಕೀಲರು ಬೇಕೇ ಬೇಕು. ಆದರೆ ವಕೀಲರ ಕೈಗೆ ಕೊಡುವ ಕಡತ ಗಟ್ಟಿಯಾಗುವುದು ಅದಕ್ಕೂ ಮೊದಲೇ.

ನೋಟಿಸು ಹೇಗಿರಬೇಕು?

ಎರಡು ಪುಟ ಸಾಕು. ಕರಾರಿನ ಭಾಷೆ ಯಾವುದೋ ಅದರಲ್ಲೇ ಬರೆಸಬೇಕು, ಸಾಮಾನ್ಯವಾಗಿ ಅದು ಇಂಗ್ಲಿಷ್. ಉದಾಹರಣೆಯ ಗುತ್ತೇದಾರ ಬರೆಸಬೇಕಾದ್ದರ ತಿರುಳು ಕನ್ನಡದಲ್ಲಿ ಹೀಗಿರುತ್ತದೆ:

‘ಇಂಥ ಸಂಖ್ಯೆಯ ಕರಾರು. ವಿಷಯ: 24ನೇ ಕಲಂ ಪ್ರಕಾರ ವಿವಾದದ ನೋಟಿಸು. ನಮ್ಮ ಕ್ಲೇಮನ್ನು ಇಂಜಿನಿಯರರು 10-2-2025ರ ಪತ್ರದಲ್ಲಿ ತಿರಸ್ಕರಿಸಿದ್ದಾರೆ. ಆ ನಿರ್ಧಾರವನ್ನು ನಾವು ಒಪ್ಪುವುದಿಲ್ಲ. ವಿವಾದದ ಬಾಬ್ತು ಎರಡು. ಅ) ಹೆಚ್ಚುವರಿ ಅಗೆತ ಮತ್ತು ಮುರಮು, 1,080 ಘನ ಮೀಟರ್, 3,45,600 ರೂಪಾಯಿ. ಆ) ಮುರಿದುಕೊಂಡ ದಂಡ, 2,00,000 ರೂಪಾಯಿ. ತಿರಸ್ಕಾರದ ಮೂರು ಕಾರಣಗಳಿಗೆ ನಮ್ಮ ಉತ್ತರ ಮತ್ತು ಅದರ ದಾಖಲೆಗಳು ಕೆಳಗಿವೆ. ಈ ವಿವಾದವನ್ನು 24ನೇ ಕಲಂ ಪ್ರಕಾರ ಸಕ್ಷಮ ಅಧಿಕಾರಿಗಳಾದ ತಮಗೆ ಒಪ್ಪಿಸಿ, 45 ದಿನಗಳೊಳಗೆ ನಿರ್ಧಾರ ಕೋರುತ್ತೇವೆ. ನಿರ್ಧಾರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಅದೇ ಕಲಂನ ಮುಂದಿನ ಹಂತಕ್ಕೆ ಹೋಗುತ್ತೇವೆ. ಈ ನೋಟಿಸಿನ ದಿನದಿಂದ ಬಡ್ಡಿ ಕೇಳುತ್ತೇವೆ. ನಮ್ಮ ಬೇರಾವ ಹಕ್ಕನ್ನೂ ಬಿಟ್ಟುಕೊಟ್ಟಿಲ್ಲ.’

ಬಾಬ್ತುಗಳನ್ನು ಬೇರೆ ಬೇರೆ ತೋರಿಸುವುದಕ್ಕೆ ಕಾರಣವಿದೆ. ಅಗೆತದ ದಾಖಲೆ ಗಟ್ಟಿ, ತಡದ್ದು ಸ್ವಲ್ಪ ಸಡಿಲ ಎಂದಿದ್ದರೆ ಒಂದು ಬಿದ್ದರೂ ಇನ್ನೊಂದು ನಿಲ್ಲಬೇಕು. ಎರಡನ್ನೂ ಕಲಸಿ ‘ಒಟ್ಟು ನಷ್ಟ ಆರು ಲಕ್ಷ’ ಎಂದು ಬರೆದರೆ ಎರಡೂ ಬೀಳುತ್ತವೆ. ಬಡ್ಡಿಯ ಸಾಲು ಕೂಡ ಅಲಂಕಾರಕ್ಕಲ್ಲ. 1978ರ ಬಡ್ಡಿ ಕಾಯಿದೆ ಪ್ರಕಾರ, ಬೇರೆ ಒಪ್ಪಂದ ಇಲ್ಲದಾಗ, ಬಡ್ಡಿ ಕೇಳುತ್ತೇವೆಂದು ಲಿಖಿತ ನೋಟಿಸು ಕೊಟ್ಟ ದಿನದಿಂದ ಬಡ್ಡಿ ಕೊಡಿಸಲು ಕೋರ್ಟಿಗೆ ಅವಕಾಶವಿದೆ. ಕರಾರಿನಲ್ಲೇ ಬಡ್ಡಿ ಇಲ್ಲವೆಂದು ಬರೆದಿದ್ದರೆ ಆ ಮಾತು ಬೇರೆ.

ನೋಟಿಸನ್ನು ಸಕ್ಷಮ ಅಧಿಕಾರಿಯ ಹೆಸರಿಗಲ್ಲ, ಹುದ್ದೆಗೆ ಬರೆಯಬೇಕು. ಎಂಪ್ಲಾಯರಿಗೂ ಇಂಜಿನಿಯರಿಗೂ ಪ್ರತಿ ಹೋಗಬೇಕು. ಟಪಾಲು ಶಾಖೆಯಲ್ಲಿ ಕೊಟ್ಟು ನಮ್ಮ ಪ್ರತಿಯ ಮೇಲೆ ತಾರೀಕಿನ ಮೊಹರು ಹಾಕಿಸಬೇಕು, ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸಬೇಕು. 45 ದಿನದ ಎಣಿಕೆ ಶುರುವಾಗುವುದು ಆ ಮೊಹರಿನಿಂದ. ವಾಟ್ಸಾಪಿನಲ್ಲಿ ಕಳಿಸಿ ಎರಡು ನೀಲಿ ಗೆರೆ ಬಂತೆಂದು ಕೂರುವುದು ಸಾಲದು.

ನೋಟಿಸಿನಿಂದ ಆಗದ್ದು

ನೋಟಿಸು ಕೊಟ್ಟ ಮಾತ್ರಕ್ಕೆ ಹಣ ಬರುವುದಿಲ್ಲ. ಕೆಲಸ ನಡೆಯುತ್ತಿರುವಾಗ ವಿವಾದ ಎದ್ದಿದ್ದರೆ ಕೆಲಸ ನಿಲ್ಲಿಸುವ ಹಕ್ಕೂ ಬರುವುದಿಲ್ಲ. ಗ್ರಾಮ ಸಡಕ್ ಕರಾರಿನಲ್ಲಿ ನಿರ್ಧಾರ ಬರುವವರೆಗೆ ಕೆಲಸವನ್ನೂ ನಿರ್ವಹಣೆಯನ್ನೂ ಮುಂದುವರಿಸಬೇಕೆಂದೇ ಇದೆ. ಸಿಟ್ಟಿನಲ್ಲಿ ರೋಲರು, ಟಿಪ್ಪರು ಎತ್ತಿಕೊಂಡು ಹೋದರೆ ಕರಾರು ಮುರಿದವನು ಗುತ್ತೇದಾರನೇ ಆಗುತ್ತಾನೆ.

ಕೊನೆಯ ಬಿಲ್ಲಿನ ವೇಳೆ ಇನ್ನೊಂದು ಬಲೆ ಇರುತ್ತದೆ. ಚೆಕ್ಕಿಗಾಗಿ ಕಾದು ಸೋತವನ ಮುಂದೆ ‘ಪೂರ್ಣ ಮತ್ತು ಅಂತಿಮ ಚುಕ್ತಾ’ ಎಂದು ಬರೆದ ಕಾಗದ ಇಡುತ್ತಾರೆ. ಸಹಿ ಹಾಕಿದರೆ ವಿವಾದವೇ ಮುಗಿದಂತೆ ಎಂದು ಇಲಾಖೆ ವಾದಿಸುತ್ತದೆ. ಒತ್ತಾಯದಿಂದ ಹಾಕಿಸಿದರೆಂದು ಆಮೇಲೆ ಸಾಬೀತು ಮಾಡುವುದು ಸುಲಭವಲ್ಲ. ಒಪ್ಪಿದ ಮೊತ್ತಕ್ಕೆ ಮಾತ್ರ ಸಹಿ, ಇಂಥ ತಾರೀಕಿನ ನೋಟಿಸಿನ ವಿವಾದ ಬಾಕಿ ಇದೆ ಎಂದು ಕೈಯಲ್ಲೇ ಬರೆದು ಸಹಿ ಹಾಕುವುದು ಮೇಲು. ಸಮಿತಿಯ ತೀರ್ಮಾನದ ಹಣ ಪಡೆಯುವಾಗ ಮಾತ್ರ ಇದು ನಡೆಯದು. ಅಲ್ಲಿ ಹಣ ಪಡೆದರೆ ಅಂತಿಮ ಚುಕ್ತಾ ಎಂದೇ ಸಹಿ ಹಾಕಬೇಕೆಂದು 24ನೇ ಕಲಂ ಹೇಳುತ್ತದೆ. ತೀರ್ಮಾನ ಒಪ್ಪದವನು ಹಣ ಪಡೆಯದೆ ಕೋರ್ಟಿಗೆ ಹೋಗಬೇಕು.

ಇಷ್ಟಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ. ಕರಾರಿನ ಪೂರ್ತಿ ಪ್ರತಿ, ಸಹಿ ಮಾಡಿದ್ದು, ಷರತ್ತುಗಳು, ಕಾಂಟ್ರಾಕ್ಟ್ ಡೇಟಾ ಪುಟ ಸಮೇತ, ಮನೆಯಲ್ಲಿ ಇದೆಯೇ? ವರ್ಕ್ ಆರ್ಡರಿನ ಒಂದು ಹಾಳೆ ಮಾತ್ರ ಇಟ್ಟುಕೊಂಡು ಲಕ್ಷಾಂತರದ ಕೆಲಸ ಮಾಡಿದವರು ಗಡಿಯ ಎರಡೂ ಕಡೆ ಇದ್ದಾರೆ. ಪ್ರತಿ ಇಲ್ಲದಿದ್ದರೆ ಇಲಾಖೆಗೆ ಬರೆದು ಕೇಳಬೇಕು, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಪಡೆಯಬೇಕು. ಯಾವ ಕಲಂ, ಯಾವ ಅಧಿಕಾರಿ, ಎಷ್ಟು ದಿನ ಎಂಬುದು ಆ ಪುಟಗಳಲ್ಲೇ ಇದೆ, ಮತ್ತು ರಾಜ್ಯ ರಾಜ್ಯಕ್ಕೆ, ವರ್ಷ ವರ್ಷಕ್ಕೆ ಷರತ್ತು ತಿದ್ದಿರುವುದೂ ಉಂಟು. ತಿರಸ್ಕಾರದ ಎರಡು ಸಾಲು ಬಂದ ದಿನ ಮೊದಲು ತೆರೆಯಬೇಕಾದ್ದು ಆ ಕಡತ. ಮನವಿ ಬರೆಯುವ ಪೆನ್ನನ್ನು ಆಮೇಲೆ ಹುಡುಕಿದರಾಯಿತು.